ಉಳಿದ ಅರ್ಧ ಬಾಟಲಿ ವೈನ್: ಪಂಪ್‌ಗಿಂತ ಪುಟ್ಟ ಬಾಟಲಿಯೇ ನನಗಿಷ್ಟ

ನಮ್ಮ ಮನೆಯಲ್ಲಿ ವೈನ್ ಕುಡಿಯುವವರು ಇಬ್ಬರೇ. ಒಂದು ಸಂಜೆಗೆ ಅರ್ಧ ಬಾಟಲಿ ಸಾಕಾಗುತ್ತದೆ. ಉಳಿದರ್ಧ ಮುಂದಿನ ನಾಲ್ಕೈದು ದಿನ ಚೆನ್ನಾಗಿರಬೇಕು ಅಂತ ನಾನು ಗಾಳಿ ಎಳೆಯುವ ಪಂಪ್ ಕೊಂಡೆ, ರಬ್ಬರ್ ಬಿರಡೆಗಳ ಸಮೇತ. ಕೊಂಡದ್ದಕ್ಕೆ ಬೇಸರವಾಯಿತು. ಈಗ ನಾನು ಬಳಸುವುದು ತಿರುಪು ಮುಚ್ಚಳದ, 375 ಮಿಲಿಯ ಖಾಲಿ ವೈನ್ ಬಾಟಲಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. 750 ಮಿಲಿ ಬಾಟಲಿಯಲ್ಲಿ ಅರ್ಧ ಸುರಿದುಕೊಂಡರೆ ಆ ಜಾಗಕ್ಕೆ ಗಾಳಿ ತುಂಬುತ್ತದೆ. ಗಾಳಿಯ ಐದನೇ ಒಂದು ಪಾಲು ಆಕ್ಸಿಜನ್. ಅಂದರೆ ಸುಮಾರು 79 ಮಿಲಿ, ತೂಕದಲ್ಲಿ ಹತ್ತಿರ ಹತ್ತಿರ 100 ಮಿಲಿಗ್ರಾಂ. ವೈನ್ ಒಂದು ಸಲಕ್ಕೆ ಕರಗಿಸಿಕೊಳ್ಳುವುದು ಲೀಟರಿಗೆ ಎಂಟು ಮಿಲಿಗ್ರಾಂನಷ್ಟು ಮಾತ್ರ. ಆದರೆ ಕರಗಿದ್ದು ವೈನಿನೊಳಗೆ ಖರ್ಚಾದ ಹಾಗೆಲ್ಲ ಮೇಲಿನ ಗಾಳಿಯಿಂದ ಮತ್ತಷ್ಟು ಇಳಿಯುತ್ತಲೇ ಇರುತ್ತದೆ. ಮೊದಲು ಹಣ್ಣಿನ ಘಮ ಮಂಕಾಗುತ್ತದೆ. ಆಮೇಲೆ ಆಲ್ಕೋಹಾಲಿನ ಒಂದಿಷ್ಟು ಭಾಗ ಅಸಿಟಾಲ್ಡಿಹೈಡ್ ಆಗುತ್ತದೆ. ಕೊಯ್ದಿಟ್ಟು ಕಂದಾದ ಸೇಬಿನ ವಾಸನೆ ಬಂದರೆ ಅದೇ. ಇನ್ನೂ ಬಿಟ್ಟರೆ ಬ್ಯಾಕ್ಟೀರಿಯಾ ಸೇರಿಕೊಂಡು ವಿನೆಗರ್ ಮಾಡುತ್ತವೆ. ಅವಕ್ಕೂ ಆಕ್ಸಿಜನ್ ಬೇಕು.

ಈಗ ಪಂಪ್ ವಿಷಯ. ಬಿರಡೆ ಹಾಕಿ ಹತ್ತು ಹನ್ನೆರಡು ಸಲ ಎಳೆದರೆ ಹಿಡಿ ಬಿಗಿಯಾಗುತ್ತದೆ, ‘ಟಕ್’ ಅಂತ ಸದ್ದು ಬರುತ್ತದೆ. ಗಾಳಿ ಹೋಯಿತು ಅಂತ ಖುಷಿಯಿಂದ ಫ್ರಿಜ್‌ನಲ್ಲಿಟ್ಟೆ. ಮಾರನೇ ದಿನ ಬಿರಡೆಯ ಅಂಚು ಎತ್ತಿದರೆ ‘ಸುಸ್’ ಅನ್ನಬೇಕಿತ್ತು, ಅನ್ನಲಿಲ್ಲ. ಗಾಳಿ ಸದ್ದಿಲ್ಲದೆ ಒಳಗೆ ವಾಪಸ್ ಬಂದಿತ್ತು.

ಇದನ್ನು ಹಿಡಿಯುವುದು ಹೇಗೆ ಅಂದರೆ, ಎಳೆತ ಎಣಿಸಬೇಕು. ಮೊದಲ ದಿನ ಹನ್ನೆರಡು ಎಳೆತಕ್ಕೆ ಬಿಗಿಯಾಗಿತ್ತು ಅನ್ನಿ. ಬಿರಡೆ ತೆಗೆಯದೆ ಮಾರನೇ ದಿನ ಮತ್ತೆ ಎಳೆಯಿರಿ. ಒಂದೆರಡಕ್ಕೇ ಬಿಗಿಯಾದರೆ ಬಿರಡೆ ಹಿಡಿದಿದೆ. ನನ್ನದಕ್ಕೆ ಮತ್ತೆ ಹತ್ತು ಬೇಕಾಯಿತು. ಅಂದರೆ ರಾತ್ರಿಯೆಲ್ಲ ಸೋರಿದೆ. ಬಾಟಲಿಯ ಬಾಯಲ್ಲಿ ಒಣಗಿದ ಒಂದು ಹನಿ ವೈನ್ ಸಾಕು, ರಬ್ಬರ್ ಸರಿಯಾಗಿ ಕೂರುವುದಿಲ್ಲ. ಬಾಯಿ ಒರೆಸಿದೆ, ಬಿರಡೆಯನ್ನು ಬಿಸಿನೀರಲ್ಲಿ ತೊಳೆದೆ, ಒದ್ದೆ ಮಾಡಿ ಹಾಕಿದೆ. ಎರಡು ಬಿರಡೆಗಳಲ್ಲಿ ಒಂದು ಸರಿಹೋಯಿತು. ಇನ್ನೊಂದು ಕೊನೆಗೂ ಹಿಡಿಯಲಿಲ್ಲ.

ಸರಿಯಾಗಿ ಹಿಡಿದ ಬಿರಡೆಯಿಂದಲೂ ನನಗೆ ಸಮಾಧಾನವಾಗಲಿಲ್ಲ. ಕೈಪಂಪ್ ಎಳೆಯುವುದು ಹೆಚ್ಚೆಂದರೆ ಮುಕ್ಕಾಲು ಪಾಲು ಗಾಳಿ. ಕಾಲು ಪಾಲು ಉಳಿದರೂ 25 ಮಿಲಿಗ್ರಾಂ ಆಕ್ಸಿಜನ್ ಒಳಗೇ ಇರುತ್ತದೆ. ಅಷ್ಟು ವೈನ್ ಮಂಕಾಗಲು ಅದು ಧಾರಾಳ ಸಾಕು. ಬಿಳಿ ವೈನ್ ಬಾಟಲಿಗೆ ಪಂಪ್ ಹಾಕಿದಾಗ ಒಳಗೆ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ. ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಡುತ್ತಿದೆ ಅಂತ ಅರ್ಥ. ಎಳೆಯ ಬಿಳಿ ವೈನಿನ ನಾಲಿಗೆ ಚುರುಗುಟ್ಟಿಸುವ ತಾಜಾತನ ಬರುವುದು ಅದರಿಂದಲೇ. ಪಂಪ್ ಹಾಕಿಟ್ಟ ಬಿಳಿ ವೈನ್ ನನಗೆ ಪ್ರತಿಸಲವೂ ಚಪ್ಪೆ ಅನಿಸಿದೆ.

ಪುಟ್ಟ ಬಾಟಲಿಯಲ್ಲಿ ಗಾಳಿ ಎಳೆಯುವ ಪ್ರಶ್ನೆಯೇ ಇಲ್ಲ. ಗಾಳಿಗೆ ಜಾಗವೇ ಕೊಡುವುದಿಲ್ಲ. ಮುಖ್ಯವಾದ ಮಾತು, ಇದನ್ನು ದೊಡ್ಡ ಬಾಟಲಿ ತೆರೆದ ತಕ್ಷಣ ಮಾಡಬೇಕು. ಮೊದಲ ಗ್ಲಾಸ್ ಸುರಿಯುವ ಮುಂಚೆಯೇ. ಕುಡಿದು ಉಳಿದದ್ದನ್ನು ರಾತ್ರಿ ತುಂಬಿಸಿದರೆ ಅದು ಅಷ್ಟು ಹೊತ್ತು ಗಾಳಿ ಕುಡಿದಿರುತ್ತದೆ. ಪುಟ್ಟ ಬಾಟಲಿಯನ್ನು ಬಿಸಿನೀರಲ್ಲಿ ತೊಳೆದು ಬೋರಲು ಹಾಕಿ ಒಣಗಿಸಿರುತ್ತೇನೆ. ಮೂಸಿ ನೋಡುತ್ತೇನೆ, ಸೋಪಿನ ವಾಸನೆ ಇರಬಾರದು. ಆಲಿಕೆ ಇಟ್ಟು, ಒಳಗೋಡೆಗೆ ತಾಗಿ ಇಳಿಯುವ ಹಾಗೆ ನಿಧಾನ ಸುರಿಯಬೇಕು. ಚಿಮ್ಮಿದಷ್ಟೂ ಗಾಳಿ ಬೆರೆಯುತ್ತದೆ. ವೈನ್ ಬಾಯಿಯ ಅಂಚಿಗೆ ಬಂದು ಇನ್ನೇನು ತುಳುಕುತ್ತದೆ ಅನ್ನುವಾಗ ಮುಚ್ಚಳ ತಿರುಗಿಸುತ್ತೇನೆ. ಎರಡು ಮಿಲಿ ಗಾಳಿ ಉಳಿದರೂ ಅದರಲ್ಲಿ ಆಕ್ಸಿಜನ್ ಇರುವುದು ಅರ್ಧ ಮಿಲಿಗ್ರಾಂ ಮಾತ್ರ. 100ಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ?

ಫ್ರಿಜ್‌ನಲ್ಲಿಟ್ಟ ಮೇಲೆ ಕತ್ತಿನಲ್ಲಿ ಒಂದು ಸಣ್ಣ ಗುಳ್ಳೆ ಕಾಣುತ್ತದೆ. ಸೋರಿದೆ ಅಂತ ಗಾಬರಿಯಾಗಬೇಡಿ. ತಣ್ಣಗಾದಾಗ ವೈನ್ ಕುಗ್ಗುತ್ತದೆ, ಅಷ್ಟೇ. ಇದಕ್ಕೆ ಉಲ್ಟಾ, ತಣ್ಣಗಿನ ಬಿಳಿ ವೈನನ್ನು ಅಂಚಿನವರೆಗೆ ತುಂಬಿ ಹೊರಗೆ ಇಟ್ಟರೆ ಅದು ಹಿಗ್ಗಿ ಮುಚ್ಚಳವನ್ನು ಒತ್ತುತ್ತದೆ. ತುಂಬಿದ ತಕ್ಷಣ ಫ್ರಿಜ್‌ಗೆ ಹೋಗಲಿ.

ಗೆಳೆಯರು ಬಂದಿದ್ದ ಒಂದು ದಿನ ಒಂದೇ ಕೆಂಪು ವೈನಿನ ನಾಲ್ಕು ಬಾಟಲಿ ತೆರೆದೆವು. ಪ್ರತಿಯೊಂದರಲ್ಲೂ ಅರ್ಧ ಉಳಿಸಿದೆ. ಒಂದಕ್ಕೆ ಅದರದೇ ಕಾರ್ಕ್ ಒತ್ತಿ ಮೇಜಿನ ಮೇಲಿಟ್ಟೆ. ಇನ್ನೊಂದಕ್ಕೂ ಕಾರ್ಕ್, ಆದರೆ ಫ್ರಿಜ್‌ನಲ್ಲಿ. ಮೂರನೆಯದಕ್ಕೆ ಪಂಪ್, ಸೋರದ ಬಿರಡೆ. ನಾಲ್ಕನೆಯದರ ಅರ್ಧ ಮೊದಲೇ ಪುಟ್ಟ ಬಾಟಲಿಗೆ ಹೋಗಿತ್ತು. ಮೇಜಿನ ಮೇಲಿದ್ದದ್ದು ಎರಡನೇ ಸಂಜೆಗೇ ಮಂಕಾಗಿತ್ತು, ಮೂರನೇ ದಿನ ಕಂದಿದ ಸೇಬು. ಉಳಿದ ಮೂರನ್ನು ಐದನೇ ದಿನ ತೆಗೆದೆವು. ಯಾವ ಗ್ಲಾಸಲ್ಲಿ ಯಾವುದು ಅಂತ ನನಗೆ ತಿಳಿಯದ ಹಾಗೆ ನನ್ನ ಹೆಂಡತಿ ತಳಕ್ಕೆ ಗುರುತು ಹಾಕಿ ಕೊಟ್ಟಳು.

ಪುಟ್ಟ ಬಾಟಲಿಯದನ್ನು ಮೂಸುತ್ತಲೇ ಗುರುತಿಸಿದೆ. ಹಣ್ಣಿನ ಘಮ ಇನ್ನೂ ಇತ್ತು, ಒಗರು ಹದವಾಗಿತ್ತು. ಇನ್ನೆರಡರಲ್ಲಿ ಯಾವುದು ಪಂಪ್, ಯಾವುದು ಬರೀ ಕಾರ್ಕ್ ಅಂತ ಹೇಳಲು ಆಗಲಿಲ್ಲ, ತಪ್ಪಾಗಿ ಹೇಳಿದೆ. ಎರಡೂ ಕುಡಿಯುವ ಹಾಗಿದ್ದವು, ಆದರೆ ಘಮ ಹೋಗಿತ್ತು. ಅವನ್ನು ಉಳಿಸಿದ್ದು ಪಂಪ್ ಅಲ್ಲ, ಫ್ರಿಜ್ ಅನ್ನುವುದು ನನ್ನ ನಂಬಿಕೆ. ತಣ್ಣಗಿದ್ದಾಗ ವೈನ್ ಕೆಡುವ ಕ್ರಿಯೆಗಳೆಲ್ಲ ನಿಧಾನವಾಗುತ್ತವೆ. ಹತ್ತು ಡಿಗ್ರಿ ಇಳಿದರೆ ವೇಗ ಅಂದಾಜು ಅರ್ಧಕ್ಕೆ ಬೀಳುತ್ತದೆ. ಕೆಂಪು ವೈನನ್ನೂ ಧಾರಾಳವಾಗಿ ಫ್ರಿಜ್‌ನಲ್ಲಿಡಿ, ಕುಡಿಯುವ ಮುಕ್ಕಾಲು ಗಂಟೆ ಮುಂಚೆ ಹೊರಗೆ ತೆಗೆದರಾಯಿತು.

ಬಾಟಲಿಯೊಳಗಿನ ಗಾಳಿಯನ್ನು ತಳ್ಳಿ ಆ ಜಾಗದಲ್ಲಿ ಕೂರುವ, ವೈನನ್ನು ಕೆಡಿಸದ ಆರ್ಗಾನ್ ಅನಿಲ ಬೆರೆತ ಗ್ಯಾಸ್ ಸ್ಪ್ರೇ ಒಂದು ಡಬ್ಬಿ ಮುಗಿಸಿದ್ದೇನೆ. ಪಂಪ್‌ಗಿಂತ ಚೆನ್ನಾಗಿದೆ, ಘಮ ಎಳೆಯುವುದಿಲ್ಲ. ಆದರೆ ತುಂಬಿದ ಡಬ್ಬಿಯೂ ಖಾಲಿ ಡಬ್ಬಿಯ ಹಾಗೆ ಹಗುರ, ಎಷ್ಟು ಉಳಿದಿದೆ ಗೊತ್ತಾಗುವುದಿಲ್ಲ. ಬಾಟಲಿ ಅಲುಗಾಡಿದರೆ ಗಾಳಿಯೂ ಗ್ಯಾಸೂ ಬೆರೆತುಹೋಗುತ್ತವೆ.

ಕಾರ್ಕ್ ತೆಗೆಯದೆ ಸೂಜಿ ಚುಚ್ಚಿ ಸುರಿದು, ಒಳಗೆ ಆರ್ಗಾನ್ ತುಂಬುವ ಸಾಧನ ಗೆಳೆಯನ ಬಳಿ ಇದೆ. ವಾರಗಟ್ಟಲೆ ಇಡುವುದಾದರೆ ಅದರ ಮುಂದೆ ಬೇರೆ ಯಾವುದೂ ಇಲ್ಲ, ನಿಜ. ಬೆಲೆ ಜಾಸ್ತಿ, ಗ್ಯಾಸ್ ಮುಗಿದ ಹಾಗೆ ಕೊಳ್ಳುತ್ತಲೇ ಇರಬೇಕು. ಸೂಜಿ ತೆಗೆದ ಮೇಲೆ ಮುಚ್ಚಿಕೊಳ್ಳುವುದು ಅಸಲಿ ಕಾರ್ಕ್ ಮಾತ್ರ, ಪ್ಲಾಸ್ಟಿಕ್ ಬಿರಡೆಗೆ ಆ ಗುಣ ಇಲ್ಲ. ತಿಂಗಳಿಗೊಂದು ದುಬಾರಿ ಬಾಟಲಿಯನ್ನು ಗ್ಲಾಸ್ ಗ್ಲಾಸಾಗಿ ಕುಡಿಯುವವರು ಅದನ್ನೇ ಕೊಳ್ಳಲಿ. ನೊರೆಯುಕ್ಕುವ ವೈನಿಗೆ ಪಂಪ್ ಬೇಡವೇ ಬೇಡ, ಬಾಯಿಗೆ ಕಚ್ಚಿಕೊಳ್ಳುವ ಅದರದೇ ಬಿರಡೆ ಬೇರೆ ಸಿಗುತ್ತದೆ.

ನಮ್ಮದು ಸಾಧಾರಣ ವೈನ್. ಶುಕ್ರವಾರ ಅರ್ಧ, ಬುಧವಾರ ಇನ್ನರ್ಧ. ಅದಕ್ಕೆ ಪುಟ್ಟ ಬಾಟಲಿ ಸಾಕು, ಖರ್ಚೂ ಇಲ್ಲ. ಅದಕ್ಕೂ ಮಿತಿ ಇದೆ. ಒಮ್ಮೆ ತೆರೆದರೆ ಆ ಸಂಜೆಯೇ ಮುಗಿಸಬೇಕು. ಒಂದು ಸಲ ಒಂಬತ್ತು ದಿನ ಇಟ್ಟದ್ದು ಚೆನ್ನಾಗಿತ್ತು. ಮರೆತು ಮೂರು ವಾರ ಬಿಟ್ಟದ್ದು ಕೆಟ್ಟಿರಲಿಲ್ಲ, ಆದರೆ ಘಮ ಇರಲಿಲ್ಲ. ಅಂದಿನಿಂದ ಮುಚ್ಚಳದ ಮೇಲೆ ತುಂಬಿದ ತಾರೀಖು ಬರೆಯುತ್ತೇನೆ.