ಬಸ್ಸು, ಸ್ಕೂಟರು, ಕಂಪನಿ ವ್ಯಾನು: ಶಾಂತಿಗ್ರಾಮದಿಂದ ಗೊರೂರು ರಸ್ತೆಗೆ ಓಡಾಡಿ ನೋಡಿದ ಹೋಲಿಕೆ

ಹಾಸನದ ಗೊರೂರು ರಸ್ತೆಯ ಕಡೆಯ ಜವಳಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆಯ ಕೆಲಸ ಬಹುತೇಕ ಖಚಿತವಾದಾಗ, ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ನಾನು ಸ್ವಲ್ಪ ಕಾಲಾವಕಾಶ ಕೇಳಿಕೊಂಡೆ. ನಮ್ಮ ಮನೆ ಇರುವುದು ಬೆಂಗಳೂರು ಹೆದ್ದಾರಿಯ ಶಾಂತಿಗ್ರಾಮದ ಬಳಿ, ಬಸ್ ನಿಲ್ಲುವ ಹೆದ್ದಾರಿಯ ಗೇಟಿನಿಂದ ಸುಮಾರು ಒಂದೂವರೆ ಕಿಲೋಮೀಟರ್ ಒಳಗೆ. ಅಲ್ಲಿಂದ ಕಾರ್ಖಾನೆಗೆ ಹೆಚ್ಚೂಕಡಿಮೆ 20 ಕಿಲೋಮೀಟರ್. ಮೊದಲ ತಿಂಗಳು ತರಬೇತಿಯ ಅವಧಿಯಾದ್ದರಿಂದ ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ ಕೆಲಸ. ಆಮೇಲೆ ಒಂದು ವಾರ ಬೆಳಿಗ್ಗೆ 6ರ ಪಾಳಿ, ಮರುವಾರ ಮಧ್ಯಾಹ್ನ 2ರಿಂದ ರಾತ್ರಿ 10ರ ಪಾಳಿ. ದಾರಿ ಒಂದೇ ಆದರೂ ಈ ಮೂರು ಹೊತ್ತಿನಲ್ಲಿ ಅದು ಮೂರು ಬೇರೆ ದಾರಿಗಳೇ ಎಂಬುದು ನನಗೆ ಗೊತ್ತಿತ್ತು. ಸಂದರ್ಶನದ ದಿನ ಹನ್ನೊಂದು ಗಂಟೆಯ ಖಾಲಿ ಬಸ್ಸಿನಲ್ಲಿ ಹಿಡಿದ ಸಮಯ ಇವುಗಳಲ್ಲಿ ಯಾವುದಕ್ಕೂ ಅನ್ವಯಿಸುವುದಿಲ್ಲ. ಆದ್ದರಿಂದ ಪಾಳಿ ಆರಂಭವಾಗುವ ಮತ್ತು ಮುಗಿಯುವ ಹೊತ್ತಿಗೇ, ಮನೆಯ ಬಾಗಿಲಿನಿಂದ ಕಾರ್ಖಾನೆಯ ಗೇಟಿನವರೆಗೆ ಮತ್ತು ಅಲ್ಲಿಂದ ಮನೆಯ ಬಾಗಿಲಿನವರೆಗೆ ಹೋಗಿಬಂದು ನೋಡಿದೆ. ರಾತ್ರಿಯ ಓಡಾಟಕ್ಕೆ ತಮ್ಮ ಜೊತೆಗಿದ್ದ.

ಬೆಳಗಿನ ಬಸ್ಸಿನಿಂದ ಆರಂಭಿಸುತ್ತೇನೆ. ಗೇಟಿಗೆ ನಡೆದು ಬರಲು ಇಪ್ಪತ್ತು ನಿಮಿಷ ಬೇಕು. ಎಂಟು ಗಂಟೆಯ ಆಸುಪಾಸಿನಲ್ಲಿ ಚನ್ನರಾಯಪಟ್ಟಣದ ಕಡೆಯಿಂದ ಬರುವ ಬಸ್ಸುಗಳು ಶಾಲಾ ಕಾಲೇಜು ಮಕ್ಕಳಿಂದ ತುಂಬಿಕೊಂಡೇ ಬರುತ್ತವೆ. ದೂರದ ವೇಗದೂತ ಬಸ್ಸುಗಳು ನಿಲ್ಲದೆ ಹೋಗುತ್ತವೆ. ಹಾಸನದ ಬಸ್ ನಿಲ್ದಾಣದಲ್ಲಿ ಇಳಿದು ಗೊರೂರು ಕಡೆಯ ಬಸ್ ಹಿಡಿಯಬೇಕು. ಎಲ್ಲ ಕೂಡಿಬಂದ ದಿನ ಒಂದು ಗಂಟೆ ಹತ್ತು ನಿಮಿಷದಲ್ಲಿ ತಲುಪಿದೆ, ಮೊದಲ ಬಸ್ಸಿನ ಬಾಗಿಲಲ್ಲಿ ಕಾಲಿಡಲೂ ಜಾಗವಿಲ್ಲದ ದಿನ ಎರಡು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯಿತು. ಇವೆರಡರ ಸರಾಸರಿ ತೆಗೆದು ಒಂದೂವರೆ ಗಂಟೆ ಎಂದು ಬರೆದುಕೊಳ್ಳುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಡಿತವಾಗುವ ಕಡೆ ಪ್ರತಿದಿನವೂ ಕೆಟ್ಟ ದಿನದ ಲೆಕ್ಕದಲ್ಲೇ ಮನೆ ಬಿಡಬೇಕಾಗುತ್ತದೆ. ಇಷ್ಟಿದ್ದರೂ ಬಸ್ಸಿಗೆ ದೊಡ್ಡದೊಂದು ಅನುಕೂಲವಿದೆ: 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ.

ರಾತ್ರಿಯ ಬಸ್ಸಿನ ಕಥೆಯೇ ಬೇರೆ. ಹತ್ತಕ್ಕೆ ಪಾಳಿ ಮುಗಿದರೂ ಹಾಜರಿ, ತಪಾಸಣೆ ಮುಗಿಸಿ ಹೊರಬರುವಾಗ ಹತ್ತೂಕಾಲು. ಆ ಹೊತ್ತಿನಲ್ಲಿ ಗೊರೂರು ರಸ್ತೆಯಲ್ಲಿ ಬಸ್ಸನ್ನು ನಂಬಿಕೊಂಡು ನಿಲ್ಲುವಂತಿಲ್ಲ. ಆಟೋದವರು ಒಪ್ಪಿದರೆ ನಿಲ್ದಾಣ ಸೇರಬಹುದು. ನಿಲ್ದಾಣದಲ್ಲಿ ನನಗೆ ಭಯವೆನಿಸಲಿಲ್ಲ. ಅಲ್ಲಿ ಬೆಳಕಿದೆ, ಬೆಂಗಳೂರು, ಮಂಗಳೂರಿನ ರಾತ್ರಿ ಬಸ್ಸುಗಳಿಗೆ ಕಾಯುವ ಕುಟುಂಬಗಳಿವೆ. ಆದರೆ ಬಂದ ಬಸ್ಸುಗಳೆಲ್ಲ ದೂರದವು. "ಶಾಂತಿಗ್ರಾಮ ಸ್ಟಾಪ್ ಇಲ್ಲಮ್ಮ" ಎಂಬ ಉತ್ತರ ಕೇಳಿ ಕೇಳಿ, ಕೊನೆಗೆ ನಿಲ್ಲಿಸುವ ಬಸ್ಸೊಂದು ಸಿಕ್ಕಿ ನಾವು ಗೇಟಿನಲ್ಲಿ ಇಳಿದಾಗ ಹನ್ನೊಂದೂವರೆ ದಾಟಿತ್ತು. ಚಹಾ ಅಂಗಡಿಯ ಶಟರ್ ಎಳೆದಿತ್ತು, ಬಸ್ಸಿನ ಹಿಂದಿನ ದೀಪ ಮರೆಯಾದ ಮೇಲೆ ಊರಿನ ರಸ್ತೆಯ ಮೊದಲ ಮೋರಿಯೂ ಕಾಣುತ್ತಿರಲಿಲ್ಲ. ತಮ್ಮ ಜೊತೆಗಿದ್ದಾಗಲೇ ಮೊಬೈಲಿನ ಟಾರ್ಚ್ ಹಚ್ಚಿ ನಾಯಿಗಳನ್ನು ಗದರಿಸುತ್ತಾ ನಡೆದ ಆ ಒಂದೂವರೆ ಕಿಲೋಮೀಟರಿಗೆ ಒಬ್ಬಳೇ ಇಳಿಯುವುದನ್ನು ನಾನು ಒಪ್ಪಲಾರೆ. ರಾತ್ರಿ ಪಾಳಿಗೆ ಬಸ್ಸು ಬೇಡವೆಂದು ಅಲ್ಲೇ ತೀರ್ಮಾನವಾಯಿತು.

ಸ್ಕೂಟರಿನ ಗುಣವೆಂದರೆ ಅದರ ಸಮಯ ಹೆಚ್ಚು ಏರುಪೇರಾಗುವುದಿಲ್ಲ. ಬೆಳಗಿನ ದಟ್ಟಣೆಯಲ್ಲಿಯೂ ನಲವತ್ತರಿಂದ ಐವತ್ತು ನಿಮಿಷದೊಳಗೆ ತಲುಪುತ್ತಿದ್ದೆ, ಎನ್.ಆರ್. ವೃತ್ತದ ಸುತ್ತಮುತ್ತ ಮಾತ್ರ ತೆವಳಬೇಕಿತ್ತು. ಖರ್ಚನ್ನು ಹೀಗೆ ಲೆಕ್ಕ ಹಾಕಿದೆ: ದಿನಕ್ಕೆ 40 ಕಿಲೋಮೀಟರಿನಂತೆ 26 ದಿನಕ್ಕೆ 1,040 ಕಿಲೋಮೀಟರ್, ಲೀಟರಿಗೆ 45 ಕಿಲೋಮೀಟರ್ ಸಿಕ್ಕರೆ 23 ಲೀಟರ್ ಪೆಟ್ರೋಲ್, ಲೀಟರಿಗೆ ನೂರು ರೂಪಾಯಿ ಹಿಡಿದರೂ 2,300 ರೂಪಾಯಿ. ಆಯಿಲ್, ಟೈರ್, ಬ್ರೇಕ್ ಸೇರಿದರೆ ತಿಂಗಳಿಗೆ ಮೂರು ಸಾವಿರದ ಹತ್ತಿರ ಬರುತ್ತದೆ, ಅಂದರೆ ಈ ಕೆಲಸದ ಸಂಬಳವನ್ನು ಅಷ್ಟು ಕಡಿಮೆ ಮಾಡಿಯೇ ಓದಿಕೊಳ್ಳಬೇಕು.

ರಾತ್ರಿಯ ಹೆದ್ದಾರಿಯಲ್ಲಿ ನನ್ನನ್ನು ಕಾಡಿದ್ದು ಜನರಿಗಿಂತ ಹೆಚ್ಚಾಗಿ ವಾಹನಗಳು. ಹಿಂದೆ ಕೆಂಪು ದೀಪವಾಗಲಿ ಪ್ರತಿಫಲಕ ಪಟ್ಟಿಯಾಗಲಿ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್ ಹತ್ತಿರ ಬರುವತನಕ ಕಾಣುವುದೇ ಇಲ್ಲ. ರಸ್ತೆಯಂಚಿನಲ್ಲಿ ನಿಂತ ಲಾರಿಗಳೂ ಹಾಗೆಯೇ. ಎಲ್ಲಕ್ಕಿಂತ ಕಷ್ಟವಾದದ್ದು ಕೊನೆಯ ತಿರುವು: ನಮ್ಮ ಊರಿನ ರಸ್ತೆ ಹೆದ್ದಾರಿಯ ಬಲಕ್ಕಿರುವುದರಿಂದ ವಿಭಜಕದ ತೆರಪಿನಲ್ಲಿ ನಿಂತು ಎದುರಿನ ವಾಹನಗಳು ಹೋಗುವುದನ್ನು ಕಾಯಬೇಕು, ಆ ತೆರಪು ಸ್ಕೂಟರಿನ ಉದ್ದಕ್ಕೆ ಸರಿಯಾಗಿರುವುದರಿಂದ ಹಿಂದಿನ ಚಕ್ರ ವೇಗದ ಪಥದ ಅಂಚಿನಲ್ಲೇ ಇರುತ್ತದೆ. ಬೆನ್ನ ಹಿಂದೆ ಲಾರಿಯ ದೀಪ ದೊಡ್ಡದಾಗುತ್ತಾ ಬರುವಾಗ ಇಂಡಿಕೇಟರ್ ಹಾಕಿಕೊಂಡು ನಿಲ್ಲುವ ಆ ಅರ್ಧ ನಿಮಿಷವನ್ನು ವಾರವಿಡೀ ಪ್ರತಿರಾತ್ರಿ ಎದುರಿಸುವುದು ಸುರಕ್ಷಿತವಲ್ಲ. ಜೂನ್ ಬಂದಮೇಲೆ ಹೆಲ್ಮೆಟ್ ಗಾಜಿನ ಮೇಲೆ ಮಳೆಹನಿಯೂ ಸೇರಿಕೊಳ್ಳುತ್ತದೆ.

ಕಂಪನಿ ವ್ಯಾನಿನಲ್ಲಿ ಕೆಲಸಕ್ಕೆ ಸೇರುವ ಮೊದಲು ಕೂರಲು ಅನುಮತಿ ಸಿಗಲಿಲ್ಲ. ವಿಮೆಯ ಕಾರಣ ಹೇಳಿದರು, ಅದು ಸರಿಯೇ. ಹಾಗಾಗಿ ನಾನು ಮತ್ತು ತಮ್ಮ ರಾತ್ರಿ ನಮ್ಮ ಊರಿನ ಗೇಟಿನ ಬಳಿ ಕಾದು ವ್ಯಾನು ಎಷ್ಟು ಹೊತ್ತಿಗೆ ಬರುತ್ತದೆ, ಯಾರು ಎಲ್ಲಿ ಇಳಿಯುತ್ತಾರೆ ಎಂದು ನೋಡಿದೆವು. ಹತ್ತೂಮುಕ್ಕಾಲರಿಂದ ಹನ್ನೊಂದು ಗಂಟೆಯೊಳಗೆ ಬರುತ್ತಿತ್ತು. ಸಮಯದ ಮಟ್ಟಿಗೆ ಇದೇ ಉತ್ತಮ. ಆದರೆ ಅಲ್ಲಿ ಇಳಿದ ಇಬ್ಬರು ಅಕ್ಕಂದಿರನ್ನು ಮಾತನಾಡಿಸಿದಾಗ ಎರಡು ವಿಷಯ ತಿಳಿಯಿತು. ವ್ಯಾನು ಒಳರಸ್ತೆಗೆ ಬರುವುದಿಲ್ಲ, ಹೆದ್ದಾರಿಯಲ್ಲೇ ಇಳಿಸುತ್ತದೆ. ಒಬ್ಬರನ್ನು ಗಂಡ, ಇನ್ನೊಬ್ಬರನ್ನು ಮಗ ಬಂದು ಕರೆದೊಯ್ಯುತ್ತಾರೆ. ಎರಡನೆಯದು, ಈ ದಾರಿಯ ಕೊನೆಯ ನಿಲುಗಡೆ ನಮ್ಮದೇ ಆದ್ದರಿಂದ ಅವರಿಬ್ಬರೂ ರಜೆ ಹಾಕಿದ ದಿನ ವ್ಯಾನಿನಲ್ಲಿ ಚಾಲಕನ ಜೊತೆ ಉಳಿಯುವವಳು ನಾನೊಬ್ಬಳೇ.

ಕಾರ್ಖಾನೆಗಳಲ್ಲಿ ರಾತ್ರಿ 7ರಿಂದ ಬೆಳಿಗ್ಗೆ 6ರ ನಡುವೆ ಹೆಣ್ಣುಮಕ್ಕಳು ದುಡಿಯಲು ರಾಜ್ಯ ಸರ್ಕಾರ 2019ರ ನವೆಂಬರಿನಲ್ಲಿ ಅವಕಾಶ ಕೊಟ್ಟಾಗ ಹಾಕಿದ ಷರತ್ತುಗಳಲ್ಲಿ ಕೆಲಸಗಾರ್ತಿಯ ಒಪ್ಪಿಗೆಯೂ ಇತ್ತು, ಮನೆಯಿಂದ ಕರೆತಂದು ಮನೆಗೆ ಬಿಡುವ ಸಾರಿಗೆಯೂ ಇತ್ತು. ಹೆದ್ದಾರಿಯ ಗೇಟು ಮನೆಯಲ್ಲ. ಇದನ್ನು ಮುಂದಿಟ್ಟುಕೊಂಡು, ಮನೆಬಾಗಿಲಿಗೆ ಬಿಡಬೇಕು ಮತ್ತು ಕೊನೆಯಲ್ಲಿ ಉಳಿಯುವ ಹೆಣ್ಣುಮಗಳು ಇಳಿಯುವವರೆಗೆ ಭದ್ರತಾ ಸಿಬ್ಬಂದಿಯೊಬ್ಬರು ವ್ಯಾನಿನಲ್ಲಿರಬೇಕು ಎಂದು ಲಿಖಿತವಾಗಿ ಕೇಳಿದೆ. ಮೊದಲನೆಯದಕ್ಕೆ ಒಪ್ಪಿ ಪತ್ರದಲ್ಲಿ ಸೇರಿಸಿದರು, ಎರಡನೆಯದನ್ನು ರಾತ್ರಿ ಪಾಳಿ ಆರಂಭವಾಗುವುದರೊಳಗೆ ಏರ್ಪಡಿಸುವುದಾಗಿ ಹೇಳಿದ್ದಾರೆ.

ತರಬೇತಿಯ ತಿಂಗಳಿಗೆ ಬಸ್ಸನ್ನೇ ಆರಿಸಿಕೊಂಡಿದ್ದೇನೆ, ಸಂಜೆ ಆರು ಏಳರ ಹೊತ್ತಿಗೆ ಗೇಟಿನಲ್ಲಿ ಜನರಿರುತ್ತಾರೆ. ಎರಡು ಪಾಳಿಗಳಿಗೂ ವ್ಯಾನು. ವ್ಯಾನು ತಪ್ಪಿದ ಬೆಳಗಿಗಷ್ಟೇ ಸ್ಕೂಟರು, ರಾತ್ರಿಗಲ್ಲ. ಸಿಬ್ಬಂದಿಯ ಏರ್ಪಾಡು ಆಗದಿದ್ದರೆ ಎರಡನೇ ಪಾಳಿಗೆ ನನ್ನ ಒಪ್ಪಿಗೆ ಇರುವುದಿಲ್ಲವೆಂದು ಅದೇ ಪತ್ರದ ಕೆಳಗೆ ಬರೆದು ಸಹಿ ಹಾಕಿದ್ದೇನೆ.