ಎಲ್‌ಎಂ2596 ಬಕ್ ಮಾಡ್ಯೂಲ್: 1 ಆಂಪ್‌ಗೆ ಸರಿ, 2 ಆಂಪ್‌ಗೆ ಕಾಯಿಲ್ ಬದಲಾಯಿಸಿ

12 ವೋಲ್ಟ್ ಬ್ಯಾಟರಿಯಿಂದ 5 ವೋಲ್ಟ್ ಪಡೆಯಲು ಈ ಮಾಡ್ಯೂಲನ್ನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ರೂಟರ್ ಒಂದನ್ನೇ ನಡೆಸುವಾಗ ಏನೂ ತೊಂದರೆ ಇಲ್ಲ. ಕ್ಯಾಮೆರಾಗಳನ್ನೂ ಸೇರಿಸಿ ಲೋಡ್ 2 ಆಂಪ್ ಆದಾಗ ಚಿಪ್ಪೂ ಕಾಯಿಲ್ಲೂ ಮುಟ್ಟಲಾಗದಷ್ಟು ಬಿಸಿ. ಬೇಸಿಗೆಯ ಮಧ್ಯಾಹ್ನ ಔಟ್‌ಪುಟ್ ಕುಸಿದು ರೂಟರ್ ರೀಸ್ಟಾರ್ಟ್ ಆಗುತ್ತಿತ್ತು.

ಮಾರುವವರು 3 ಆಂಪ್ ಎನ್ನುತ್ತಾರೆ. ಅದು ಚಿಪ್ಪಿನ ಲೆಕ್ಕ, ಕಾಯಿಲ್‌ನದಲ್ಲ. ಕಾಯಿಲ್ ಮೇಲೆ 330 ಎಂದಿದೆ, ಅಂದರೆ 33 ಮೈಕ್ರೋಹೆನ್ರಿ. ಚಿಪ್ಪಿನೊಳಗಿನ ಸ್ವಿಚ್ ಆನ್ ಇರುವಾಗ ಕಾಯಿಲ್ ಮೇಲೆ ಸುಮಾರು 7 ವೋಲ್ಟ್ ಬೀಳುತ್ತದೆ. ಆಗ ಕರೆಂಟ್ ಪ್ರತಿ ಮೈಕ್ರೋಸೆಕೆಂಡಿಗೆ 0.21 ಆಂಪ್‌ನಂತೆ ಏರುತ್ತದೆ. ಅಸಲಿ ಎಲ್‌ಎಂ2596 ಓಡುವುದು 150 ಕಿಲೋಹರ್ಟ್ಸ್‌ನಲ್ಲಿ. ಹಾಗಾಗಿ ಆನ್ ಸಮಯ 2.8 ಮೈಕ್ರೋಸೆಕೆಂಡ್, ಏರಿಕೆ 0.6 ಆಂಪ್. ಅದರ ಅರ್ಧ ಸರಾಸರಿಗಿಂತ ಮೇಲಿರುತ್ತದೆ, ಹಾಗಾಗಿ 2 ಆಂಪ್ ಲೋಡ್‌ಗೆ ಕರೆಂಟ್‌ನ ತುದಿ, ಅಂದರೆ ಗರಿಷ್ಠ ಮಟ್ಟ, 2.3 ಆಂಪ್ ಅಷ್ಟೇ.

ನನ್ನದರಲ್ಲಿದ್ದ ಚಿಪ್ ಆಸಿಲೋಸ್ಕೋಪ್‌ನಲ್ಲಿ 50 ಕಿಲೋಹರ್ಟ್ಸ್ ತೋರಿಸಿತು. ಹೆಸರು ಅದೇ, ಒಳಗಿರುವುದು ಬೇರೆ. ಆನ್ ಸಮಯ ಮೂರು ಪಟ್ಟಾಯಿತು, ಏರಿಕೆಯೂ ಮೂರು ಪಟ್ಟು. ಕಾಯಿಲ್ ಸರಿಯಿದ್ದರೂ ತುದಿ 2.9 ಆಂಪ್ ಮುಟ್ಟಬೇಕು, ಅಲ್ವಾ? ಆದರೆ ಈ ಕಾಯಿಲ್ ಸುಮಾರು 2.5 ಆಂಪ್‌ಗೇ ಸ್ಯಾಚುರೇಟ್ ಆಗುತ್ತದೆ.

ಫೆರೈಟ್ ಕೋರ್ ಒಂದು ಮಿತಿಯವರೆಗೆ ಮಾತ್ರ ಫ್ಲಕ್ಸ್ ಹೆಚ್ಚಿಸಿಕೊಳ್ಳಬಲ್ಲದು. ಅದು ತುಂಬಿದ ಮೇಲೆ ಕೋರ್ ಇದ್ದೂ ಇಲ್ಲದಂತೆ, ಬರೀ ಗಾಳಿಯಲ್ಲಿ ಸುತ್ತಿದ ತಂತಿಯ ಹತ್ತಿರ ಬರುತ್ತದೆ. ಇಂಡಕ್ಟೆನ್ಸ್ ಬಿದ್ದುಹೋಗುತ್ತದೆ. ಅದೇ 7 ವೋಲ್ಟ್‌ಗೆ ಕರೆಂಟ್ ಹಲವು ಪಟ್ಟು ವೇಗವಾಗಿ ಏರುತ್ತದೆ. ತಡೆಯಲು ಉಳಿದಿರುವುದು ತಂತಿಯ ಚಿಕ್ಕ ರೆಸಿಸ್ಟೆನ್ಸ್ ಮತ್ತು ಚಿಪ್ಪಿನೊಳಗಿನ ಕರೆಂಟ್ ಲಿಮಿಟ್. ಆ ಲಿಮಿಟ್ ಕೆಲಸ ಮಾಡಿದಾಗಲೇ ಔಟ್‌ಪುಟ್ ಕುಸಿಯುವುದು. ಬಿಸಿಯಾದಷ್ಟೂ ಫೆರೈಟ್‌ನ ಮಿತಿ ಇಳಿಯುತ್ತದೆ. ಒಂದು ಸಾಮಾನ್ಯ ಪವರ್ ಫೆರೈಟ್ 25 ಡಿಗ್ರಿಯಲ್ಲಿ 0.49 ಟೆಸ್ಲಾ ತಡೆದರೆ 100 ಡಿಗ್ರಿಯಲ್ಲಿ 0.39 ಮಾತ್ರ. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಕೈಕೊಡುವುದು ಇದರಿಂದಲೇ.

ಮಲ್ಟಿಮೀಟರ್‌ಗೆ ಇದು ಕಾಣುವುದಿಲ್ಲ, ಅದು ಸರಾಸರಿ ತೋರಿಸುತ್ತದೆ. ಕಾಯಿಲ್‌ನ ಔಟ್‌ಪುಟ್ ಕಾಲಿಗೆ, ಕೆಪಾಸಿಟರ್‌ಗಿಂತ ಮೊದಲು, 0.1 ಓಮ್ ರೆಸಿಸ್ಟರ್ ಸೇರಿಸಿ. ಅದರ ಎರಡೂ ತುದಿಗಳಿಗೆ ಸ್ಕೋಪ್‌ನ ಒಂದೊಂದು ಚಾನೆಲ್ ಹಾಕಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಗ್ರೌಂಡ್ ಕ್ಲಿಪ್ಪನ್ನು ಮಾತ್ರ ಆ ರೆಸಿಸ್ಟರ್‌ಗೆ ಹಾಕಬೇಡಿ, ಮಾಡ್ಯೂಲ್‌ನ ಗ್ರೌಂಡ್‌ಗೇ ಇರಲಿ. 100 ಮಿಲಿವೋಲ್ಟ್ ಅಂದರೆ 1 ಆಂಪ್. ಕಾಯಿಲ್ ಸರಿಯಿದ್ದರೆ ನೇರ ಗೆರೆಯ ತ್ರಿಕೋನ ಬರುತ್ತದೆ. ನನ್ನದರಲ್ಲಿ ಏರುವ ಗೆರೆ ಕೊನೆಗೆ ಬಾಗಿ ಚೂಪಾಗಿ ಮೇಲೆದ್ದು, 4 ಆಂಪ್ ದಾಟಿತ್ತು.

5 ಆಂಪ್ ಸ್ಯಾಚುರೇಷನ್ ರೇಟಿಂಗ್ ಇರುವ 100 ಮೈಕ್ರೋಹೆನ್ರಿ ಕಾಯಿಲ್ ಬೆಸುಗೆ ಹಾಕಿದೆ. ಬೋರ್ಡ್‌ಗಿಂತ ಅದೇ ದೊಡ್ಡದು. ತ್ರಿಕೋನ ನೇರವಾಯಿತು, ರೀಸ್ಟಾರ್ಟ್ ನಿಂತಿತು. ಚಿಪ್ ಈಗಲೂ ಬೆಚ್ಚಗಾಗುತ್ತದೆ, ಹೀಟ್‌ಸಿಂಕ್ ಬೇಕೇ ಬೇಕು.

ಕಾಯಿಲ್ ಕೊಳ್ಳುವಾಗ ಎರಡು ರೇಟಿಂಗ್ ಇರುತ್ತವೆ. ಒಂದು ಬಿಸಿಯ ಮಿತಿ, ಇನ್ನೊಂದು ಸ್ಯಾಚುರೇಷನ್ ಮಿತಿ. ಎರಡನೆಯದನ್ನು ತುದಿಯ ಕರೆಂಟ್‌ಗೆ ಹೋಲಿಸಿ, ಸರಾಸರಿಗಲ್ಲ. ಮಾಡ್ಯೂಲ್‌ಗೆ ನನ್ನಿಂದ ಮೂರು ಸ್ಟಾರ್.