ವಿಲ್ ಬರೆದಿಡೋದಾ, ಸುಮ್ನೆ ಬಿಡೋದಾ?

ಮಾಲೂರಿನ ರೈತರೊಬ್ಬರು ಸ್ವಂತ ದುಡ್ಡಲ್ಲಿ 2 ಎಕರೆ ಕೊಂಡಿದ್ದಾರೆ ಅಂದುಕೊಳ್ಳಿ. ಮನೆಯಲ್ಲಿ ಹೆಂಡತಿ, ಮಗ, ತಂದೆ, ತಾಯಿ ಇದ್ದಾರೆ; ಮಗಳಿಗೆ ಮದುವೆಯಾಗಿದೆ.

ವಿಲ್ ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು, ತಾಯಿಗೆ ತಲಾ 20 ಗುಂಟೆ. ತಂದೆಗೆ ಏನೂ ಇಲ್ಲ! ಜನ ಮರೆಯೋದು ತಾಯಿಯ ಪಾಲನ್ನು. ಮುಂದೆ ಆಕೆಯೂ ವಿಲ್ ಇಲ್ಲದೆ ಹೋದರೆ, ಆ 20 ಗುಂಟೆಯಲ್ಲಿ ಆಕೆಯ ಗಂಡನಿಗೂ ಉಳಿದ ಮಕ್ಕಳಿಗೂ ಭಾಗ ಬರುತ್ತದೆ. ಆಮೇಲೆ ಪೂರ್ತಿ ಜಮೀನು ಮಾರಲು, ರೈತರಿಗೆ ತಂಗಿಯಿದ್ದರೆ ಆಕೆಯ ಸಹಿಯೂ ಬೇಕಾಗುತ್ತದೆ, ಅಲ್ವಾ?

ವಿಲ್ ಬರೆದರೆ ಎರಡೂ ಎಕರೆ ಹೆಂಡತಿಗೇ ಕೊಡಬಹುದು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ, ನಾನಾದರೆ ಮಾಡಿಸುತ್ತೇನೆ. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಇರಲೇಬೇಕು. ಪಿತ್ರಾರ್ಜಿತ ಜಮೀನಾದರೆ ತನ್ನ ಪಾಲಿಗಷ್ಟೇ ವಿಲ್ ನಡೆಯುತ್ತದೆ.